ತಾತನ ತೂಕ

ನಮ್ಮೂರಿನಲ್ಲಿ ಎರವಲು ತಂದದ್ದನ್ನು ಹಿಂದಿರುಗಿಸದಿದ್ದರೆ ಅದು ವರ್ಷದಿಂದ ವರ್ಷಕ್ಕೆ ಭಾರವಾಗುತ್ತದೆ. ಸೂಜಿಯಾದರೆ ಒಂದೆರಡು ವರ್ಷದಲ್ಲಿ ಒನಕೆಯಷ್ಟು, ಕೊಡೆಯಾದರೆ ಎರಡನೇ ಮಳೆಗಾಲಕ್ಕೆ ಇಬ್ಬರು ಹಿಡಿದು ಬಿಚ್ಚಬೇಕಾದಷ್ಟು. ಹಾಗಾಗಿ ನಮ್ಮ ಗ್ರಂಥಾಲಯದಲ್ಲಿ ದಂಡ ಎಂಬುದೇ ಇಲ್ಲ. ಓದಿ ಮುಗಿಸದ ಕಾದಂಬರಿಯನ್ನು ಜನ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದು ತಾವಾಗಿಯೇ ಒಪ್ಪಿಸುತ್ತಾರೆ. ಕೊಟ್ಟವರು ಬಾಯಿಬಿಟ್ಟು ‘ಇಟ್ಕೋ’ ಎಂದುಬಿಟ್ಟರೆ ತೂಕ ಆ ಕ್ಷಣವೇ ಇಳಿಯುತ್ತದೆ. ಆದರೆ ನಮ್ಮೂರ ಜನ ಅಷ್ಟು ಸುಲಭವಾಗಿ ಆ ಮಾತು ಆಡುವವರಲ್ಲ. ಕದ್ದ ಮಾಲು ಮಾತ್ರ ಭಾರವಾಗುವುದಿಲ್ಲ. ಇದನ್ನು ನಮ್ಮೂರ ಕಳ್ಳರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮರೆವಿಗೆ ಮದ್ದಾಗಿ ಒಂದು ಪದ್ಧತಿ ಇದೆ. ಎರವಲು ಕೊಡುವ ವಸ್ತುವಿಗೆ ಬಿಳಿ ನೂಲಿನ ದಾರ ಕಟ್ಟಿ ಗಂಟು ಹಾಕಿ ಕೊಡುವುದು. ಪ್ರತಿ ಮನೆಗೂ ಅದರದೇ ಗಂಟಿನ ಲೆಕ್ಕ. ಮದುವೆ ಮನೆಯ ಅಡಿಗೆ ಒಲೆಯ ಹತ್ತಿರ ನಿಂತರೆ ಹಂಡೆ, ಜಾಲರಿ, ಕೊಳಗಗಳೆಲ್ಲ ದಾರ ಕಟ್ಟಿಸಿಕೊಂಡು ಕೂತಿರುತ್ತವೆ. ಗಂಟು ನೋಡಿದರೆ ಯಾವುದು ಯಾರ ಮನೆಯದು ಎಂದು ಮಕ್ಕಳೂ ಹೇಳುತ್ತವೆ.

ಇಷ್ಟೆಲ್ಲ ಗೊತ್ತಿದ್ದ ಊರಿಗೆ ನನ್ನ ತಾತ ದೇವೀರಪ್ಪನ ತೂಕ ಮಾತ್ರ ಅರ್ಥವಾಗಿರಲಿಲ್ಲ. ತಾತ ನುಗ್ಗೆಕಾಯಿಯಷ್ಟು ತೆಳ್ಳಗಿನ ಮನುಷ್ಯ. ಆದರೆ ಕಳೆದ ವರ್ಷ ರಾಗಿ ಮಂಡಿಯ ದೊಡ್ಡ ತಕ್ಕಡಿಯಲ್ಲಿ ನಿಲ್ಲಿಸಿದಾಗ ಆರು ಮೂಟೆಗೆ ಸಮನಾಗಿ ತೂಗಿದ್ದ. ಮನೆಯಲ್ಲಿ ಅವನು ಮಲಗುವುದಕ್ಕೆ ಕಲ್ಲು ಚಪ್ಪಡಿ, ಕೂರುವುದಕ್ಕೆ ಬೀಸುಕಲ್ಲಿನ ಕಟ್ಟೆ. ಕೆಲವರು ಬಾವಿ ನೀರಿನಲ್ಲಿ ಕಬ್ಬಿಣ ಜಾಸ್ತಿ ಎಂದರು. ಅಜ್ಜಿ ಹೊನ್ನಾಜಮ್ಮ ಮಾತ್ರ, “ನನ್ನ ಕೈ ಮುದ್ದೆ ತಿಂದ ಮೈ, ಗಟ್ಟಿ ಇರದೆ ಇನ್ನೇನು?” ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಮಳೆಗಾಲಕ್ಕೆ ಮೊದಲು ಡಾಕ್ಟರು ತಾತನ ಮಂಡಿಗಳನ್ನು ನೋಡಿ, ಈ ಭಾರ ಇಳಿಯದಿದ್ದರೆ ಇವರು ನಿಲ್ಲುವುದು ಇದೇ ಕೊನೆಯ ವರ್ಷ ಎಂದರು. ಅಂದು ಸಂಜೆ ಅಜ್ಜಿ ಒಲೆ ಹಚ್ಚಲಿಲ್ಲ. ಯಾಕೆ ಎಂದು ಕೇಳಿದರೆ ಸೌದೆ ಹಸಿ ಎಂದಳು. ಸೌದೆ ಒಣಗಿತ್ತು.

ನಾನು ಊರಿನ ದಿನಪತ್ರಿಕೆಯಲ್ಲಿ ಚಿತ್ರಗಳ ವಿಭಾಗ ನೋಡಿಕೊಳ್ಳುವವನು. ಹಳೆಯ ಫೋಟೋಗಳನ್ನು ಸರಿಮಾಡುವುದು ಕಲಿತದ್ದು ಅಲ್ಲಿಯೇ, ನಿಧನವಾರ್ತೆಯ ಪುಟಕ್ಕಾಗಿ. ಅಜ್ಜಿ–ತಾತನ ಮದುವೆಗೆ ಐವತ್ತು ವರ್ಷ ಮುಗಿಯುತ್ತ ಬಂದಿತ್ತು. ಅವರ ಮದುವೆಯದು ಎಂದು ಉಳಿದಿದ್ದದ್ದು ಒಂದೇ ಫೋಟೋ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಚಹಾ ಚೆಲ್ಲಿದ ಹಾಗೆ ಕಂದಾಗಿ, ಮುಖಗಳ ಜಾಗದಲ್ಲಿ ಎರಡು ಮಸುಕು ಚುಕ್ಕೆ. ಅದನ್ನು ಸರಿಮಾಡಿ ದೊಡ್ಡದಾಗಿ ಮುದ್ರಿಸಿ ಕೊಡೋಣ ಎಂದುಕೊಂಡೆ.

“ಅಜ್ಜಿ, ಆ ಫೋಟೋ ಎರವಲು ಕೊಡು. ನಾಲ್ಕು ದಿನ.”

“ಕೊಡಲ್ಲ.”

“ದಾರ ಕಟ್ಟೇ ಕೊಡು.”

“ಕಟ್ಟೂ ಕೊಡಲ್ಲ, ಕಟ್ಟದೇನೂ ಕೊಡಲ್ಲ. ಅದು ಇದ್ದ ಹಾಗೇ ಚೆನ್ನಾಗಿದೆ. ಕಟ್ಟು ಬಿಚ್ಚಿದ್ರೆ ಕೈ ಮುರೀತೀನಿ ನೋಡು.”

ಎರವಲು ಸಿಗದಿದ್ದ ಮೇಲೆ ಉಳಿದ ದಾರಿ ಒಂದೇ. ಅವಳು ಹಿತ್ತಲಿಗೆ ಹೋದಾಗ ಗೋಡೆಯಿಂದ ಇಳಿಸಿಕೊಂಡು ಬಂದೆ.

ಚೌಕಟ್ಟಿನ ಹಿಂದಿನ ಮೊಳೆಗಳು ತುಕ್ಕು ಹಿಡಿದಿದ್ದವು. ಮೊದಲ ಭಯ, ಫೋಟೋ ಗಾಜಿಗೆ ಅಂಟಿಕೊಂಡಿರಬಹುದು ಎಂಬುದು. ತೇವಕ್ಕೆ ಫೋಟೋದ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಗಾಜನ್ನು ಹಿಡಿದುಬಿಟ್ಟರೆ, ಎಳೆದವನ ಕೈಗೆ ಬರೀ ಕಾಗದ ಬರುತ್ತದೆ. ಮುಖಗಳು ಗಾಜಿನಲ್ಲೇ ಉಳಿಯುತ್ತವೆ. ಇಲ್ಲಿ ಹಾಗಾಗಿರಲಿಲ್ಲ. ಯಾರೋ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಕಿಟಕಿಯಂತೆ ಕತ್ತರಿಸಿ ಫೋಟೋದ ಮೇಲೆ ಇಟ್ಟಿದ್ದರು. ಆ ಕಾಗದ ಗಾಜಿಗೂ ಫೋಟೋಗೂ ನಡುವೆ ಸಂದು ಬಿಡಿಸಿತ್ತು. ಕಿಟಕಿ ನೇರವಾಗಿರಲಿಲ್ಲ. ಎಡಗಡೆ ಅಂಚು ಬೇಕೆಂದೇ ಅಗಲವಾಗಿತ್ತು. ಎತ್ತಿ ನೋಡಿದೆ. ಕೆಳಗೆ ಒಂದು ಬೆರಳಗಲದಷ್ಟು ಚಿತ್ರ ಅಡಗಿತ್ತು. ಗಾಳಿ, ಬೆಳಕು ತಾಕದ ಆ ಪಟ್ಟಿ ಉಳಿದ ಭಾಗದಷ್ಟು ಮಾಸಿರಲಿಲ್ಲ. ಅದರಲ್ಲಿ ಅರ್ಧ ಮನುಷ್ಯನೊಬ್ಬ ಇದ್ದ.

ಅವಸರ ಮಾಡಲಿಲ್ಲ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿದೆ, ಉಳಿದದ್ದನ್ನು ಮೆತ್ತನೆಯ ಬ್ರಷ್‌ನಿಂದ ಸವರಿದೆ. ನೀರು ಮುಟ್ಟಿಸುವಂತಿಲ್ಲ, ಬಟ್ಟೆಯಲ್ಲಿ ಒರೆಸುವಂತಿಲ್ಲ. ಈ ಚಿಕ್ಕ ಫೋಟೋಗಳ ಗುಣವೇನೆಂದರೆ, ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿ ತೆಗೆದ ಮುದ್ರಣ ಅವು. ದೊಡ್ಡದು ಮಾಡಿಲ್ಲವಾದ್ದರಿಂದ ವಿವರ ಕಳೆದಿರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಸ್ಕ್ಯಾನರ್‌ನ ಗಾಜು ಒರೆಸಿ, ಅದು ತಾನಾಗಿ ಮಾಡುವ ತಿದ್ದುಪಡಿಗಳನ್ನೆಲ್ಲ ನಿಲ್ಲಿಸಿ, ಅಂಗುಲಕ್ಕೆ ಎರಡು ಸಾವಿರದ ನಾನೂರು ಚುಕ್ಕೆಯಂತೆ ಸ್ಕ್ಯಾನ್ ಮಾಡಿದೆ. ಕಪ್ಪುಬಿಳುಪು ಫೋಟೋವಾದರೂ ಬಣ್ಣದಲ್ಲೇ. ಅದಕ್ಕೆ ಕಾರಣ ಇದೆ. ಕೆಂಪು, ಹಸಿರು, ನೀಲಿ ಎಂದು ಮೂರು ಪದರಗಳಾಗಿ ಬಿಡಿಸಿದಾಗ, ಕಂದಾಗಿ ಮಾಸಿದ ಮುಖಗಳು ಕೆಂಪು ಪದರದಲ್ಲಿ ಬಹುತೇಕ ಇರುವುದಿಲ್ಲ. ನೀಲಿ ಪದರದಲ್ಲಿ ಎದ್ದು ಬರುತ್ತವೆ. ಹಳದಿ ನೀರುಕಲೆಯ ವಿಷಯ ತಿರುವುಮುರುವು. ನೀಲಿಯಲ್ಲಿ ಮಸಿಯಂತೆ ಕಾಣುವ ಕಲೆ ಕೆಂಪಿನಲ್ಲಿ ಮಾಯವಾಗುತ್ತದೆ. ಆದ್ದರಿಂದ ಮುಖಗಳಿಗೆ ನೀಲಿಯನ್ನು, ಕಲೆಯಿದ್ದ ಸೀರೆಯ ಸೆರಗಿಗೆ ಕೆಂಪನ್ನು ತೆಗೆದುಕೊಂಡೆ. ಇಷ್ಟು ಮಾಡಿ, ಬೂದುಬಣ್ಣದೊಳಗೆ ಇಕ್ಕಟ್ಟಾಗಿ ಕೂತಿದ್ದ ಛಾಯೆಗಳನ್ನು ಕಪ್ಪಿನಿಂದ ಬಿಳಿಯವರೆಗೆ ಹಿಗ್ಗಿಸಿದಾಗ ಅಜ್ಜಿಗೆ ಮೂಗುಬೊಟ್ಟು ಬಂತು. ಆಮೇಲೆ ನಗು ಬಂತು. ಕ್ಯಾಮರಾ ನೋಡುತ್ತ ತುಟಿ ಕಚ್ಚಿ ನಗು ತಡೆದು ನಿಂತಿದ್ದಾಳೆ, ಹತ್ತೊಂಬತ್ತರ ಮದುಮಗಳು.

ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ತಾನೇ ಸರಿಮಾಡುವ ಸಾಫ್ಟ್‌ವೇರ್ ಕೂಡ ನಮ್ಮ ಕಚೇರಿಯಲ್ಲಿದೆ. ಪ್ರಯೋಗಕ್ಕೆ ಅದನ್ನೂ ಓಡಿಸಿದೆ. ಅದು ತಾತನಿಗೆ ಸಿನಿಮಾ ನಾಯಕನ ಹಲ್ಲು ಕೊಟ್ಟಿತು. ಎಡಗಡೆಯ ಅರ್ಧ ಮನುಷ್ಯನನ್ನು ಬಾಳೆಕಂಬ ಮಾಡಿತು. ಅಳಿಸಿಹಾಕಿದೆ. ಇಲ್ಲದ್ದನ್ನು ಬರೆಯಬಾರದು ಎಂದು ಸಂಪಾದಕರು ಸುದ್ದಿಗೆ ಹೇಳುವ ಮಾತು ಫೋಟೋಗೂ ಸಲ್ಲುತ್ತದೆ.

ಗೀರುಗಳನ್ನು ಒಂದೊಂದಾಗಿ ಮುಚ್ಚತೊಡಗಿದೆ. ಪಕ್ಕದ ಚೂರಿನಿಂದಲೇ ತೇಪೆ ತೆಗೆದು, ಮೂಲ ಚಿತ್ರ ಕೆಡದಂತೆ ಬೇರೆ ಪದರದಲ್ಲಿ. ತಾತನ ಕರಿಕೋಟಿನ ಬಲತೋಳಿನ ತುದಿಯಲ್ಲಿ ಒಂದು ಬಿಳಿ ಗೆರೆ ಇತ್ತು. ಅದನ್ನೂ ಮುಚ್ಚಿದೆ. ಅನುಮಾನ ಬಂದು ಮತ್ತೆ ತೆರೆದೆ. ಗೀರು ಅಂಚು ಹರಿತವಾಗಿ ಒಂದೇ ಓಟದಲ್ಲಿ ಓಡುತ್ತದೆ. ಇದು ಮಣಿಕಟ್ಟಿನ ಸುತ್ತ ಬಾಗಿತ್ತು. ಮೂಲ ಫೋಟೋವನ್ನು ತೆಗೆದು ಟಾರ್ಚಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟೆ. ಬೇರೆ ಗೀರುಗಳೆಲ್ಲ ಚಿಕ್ಕ ಕಾಲುವೆಗಳಂತೆ ನೆರಳು ಬೀರಿದವು. ಇದಕ್ಕೆ ಆಳವೇ ಇರಲಿಲ್ಲ. ಅಂದರೆ ಅದು ಫೋಟೋದ ಮೇಲೆ ಆದದ್ದಲ್ಲ, ಫೋಟೋದ ಒಳಗೇ ಇರುವುದು. ದಾರ. ಮೊದಲು ಕಂಕಣ ಎಂದುಕೊಂಡೆ. ಕಂಕಣದಲ್ಲಿ ಅರಿಸಿನದ ಕೊಂಬು ಇರಬೇಕು. ಇದರಲ್ಲಿ ಬರೀ ಗಂಟುಗಳು. ಮೂರು ಗಂಟು, ಒಂದಿಷ್ಟು ಬಿಡುವು, ಇನ್ನೊಂದು ಗಂಟು.

ಅದು ಯಾರ ಮನೆಯ ಗಂಟೆಂದು ನನಗೂ ಗೊತ್ತಿತ್ತು. ಪುಟ್ಟತಾಯಮ್ಮನದು. ಪುಟ್ಟತಾಯಮ್ಮ ತಾತನ ಒಡಹುಟ್ಟಿದ ಅಕ್ಕ. ಎರಡು ಬೀದಿ ಆಚೆ ಒಬ್ಬಳೇ ಇರುತ್ತಾಳೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಅವಳಿಗೂ ನಮ್ಮ ಮನೆಗೂ ಮಾತಿಲ್ಲ. ಯಾವುದೋ ಹಂಡೆಯ ಜಗಳ ಎಂದು ಕೇಳಿದ್ದೆ.

ಎಡಗಡೆಯ ಪಟ್ಟಿಗೆ ಹೋದೆ. ಅರ್ಧ ಮನುಷ್ಯನ ಮಣಿಕಟ್ಟಿನಲ್ಲಿ ಅರಿಸಿನದ ಕೊಂಬು ಕಟ್ಟಿದ ಕಂಕಣ ಸ್ಪಷ್ಟವಾಗಿ ಇತ್ತು. ಅದೇ ಕೈಯಲ್ಲಿ ಸಿಪ್ಪೆ ಜೋತುಬಿದ್ದ ಬಾಳೆಹಣ್ಣು. ಬಾಯಿ ತುಂಬಿಕೊಂಡು ಕೆನ್ನೆ ಉಬ್ಬಿತ್ತು.

ಇನ್ನುಳಿದದ್ದು ತಾತನ ಎಡಗೈ. ಹಿಂದೆ ಕಟ್ಟಿಕೊಂಡಂತೆ ಕೋಟಿನ ಕಪ್ಪಿನಲ್ಲಿ ಅಡಗಿತ್ತು. ಹಳೆಯ ಫೋಟೋಗಳ ಕಪ್ಪು ಭಾಗದಲ್ಲಿ ಒಳಗಿನ ಬೆಳ್ಳಿ ಮೇಲೆ ಬಂದು ಕನ್ನಡಿಯಂತೆ ನೀಲಿ ಹೊಳಪು ಹೊಡೆಯುತ್ತದೆ, ಸ್ಕ್ಯಾನರ್‌ನ ಬೆಳಕು ಅದಕ್ಕೆ ಬಡಿದು ವಾಪಸು ಬರುತ್ತದೆ. ಅದಕ್ಕೆ ಫೋಟೋವನ್ನು ಮೇಜಿನ ಮೇಲೆ ಮಲಗಿಸಿ, ಎರಡು ಪಕ್ಕದ ದೀಪಗಳಿಗೆ ಹೊಳಪು ತಡೆಯುವ ಪೋಲರೈಸರ್ ಹಾಳೆ ಕಟ್ಟಿ, ಕ್ಯಾಮರಾದ ಮುಂದೆ ಇನ್ನೊಂದು ಪೋಲರೈಸರ್ ಹಾಕಿ ಹೊಳಪು ಸಾಯುವವರೆಗೂ ತಿರುಗಿಸಿ ಚಿತ್ರ ತೆಗೆದೆ. ಕತ್ತಲೆಯಿಂದ ಕೈ ಬಂತು. ಕೈಯಲ್ಲಿ ಏನೋ ಗೊಂಚಲು. ಹೂವೋ, ಕೈಚೀಲವೋ ಹೇಳಲಾರೆ. ಊಹಿಸಿ ತೀಡಬಾರದೆಂದು ಹಾಗೆಯೇ ಬಿಟ್ಟೆ.

ಆಳೆತ್ತರ ಅಲ್ಲದಿದ್ದರೂ ತೊಡೆಯ ಮೇಲೆ ಇಟ್ಟು ನೋಡುವಷ್ಟು ದೊಡ್ಡದಾಗಿ ಮುದ್ರಿಸಿ, ಪಟ್ಟಿಯನ್ನೂ ಸೇರಿಸಿ, ಅಜ್ಜಿಯ ಮುಂದಿಟ್ಟೆ. ಅವಳು ಮೊದಲು ತನ್ನ ಮೂಗುಬೊಟ್ಟು ನೋಡಿಕೊಂಡಳು. ಆಮೇಲೆ ಎಡಗಡೆ ನೋಡಿದಳು.

“ಕತ್ತರಿ ಹಾಕ್ಬೇಕಿತ್ತು,” ಎಂದಳು. “ರಟ್ಟು ಮುಚ್ಚಿದ್ದೇ ತಪ್ಪಾಯ್ತು.”

“ಇವನ್ಯಾರು?”

“ಮದುವೆ ಗಂಡು.”

“ಮತ್ತೆ ತಾತ?”

ಅಜ್ಜಿ ಬಾಗಿಲ ಕಡೆ ನೋಡಿದಳು. ತಾತ ಅಂಗಳದಲ್ಲಿ ಬೀಸುಕಲ್ಲಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ.

“ಎರವಲು ಕಣೋ,” ಎಂದಳು ಪಿಸುಮಾತಿನಲ್ಲಿ.

ಗಂಡಿನ ಹೆಸರು ಬೋರಲಿಂಗ. ಕ್ಯಾಮರಾ ಎದುರು ನಿಂತರೆ ಕಣ್ಣು ಮುಚ್ಚುತ್ತಿದ್ದ. ಫೋಟೋದವನ ಹತ್ತಿರ ಉಳಿದಿದ್ದದ್ದು ಒಂದೇ ಚಿತ್ರಕ್ಕಾಗುವಷ್ಟು ರೀಲು. ಮುಹೂರ್ತಕ್ಕೆ ಮೊದಲೇ, ಬೆಳಕು ಚೆನ್ನಾಗಿರುವಾಗ ತೆಗೆಯಬೇಕು. ಬೋರಲಿಂಗ ತನ್ನ ಬಾಸಿಂಗ ಬಿಚ್ಚಿ ಕೊಟ್ಟು, “ಇದನ್ನ ಕಟ್ಟಿ ಯಾರನ್ನಾದರೂ ನಿಲ್ಲಿಸಿ, ಇಷ್ಟು ಚಿಕ್ಕ ಫೋಟೋದಲ್ಲಿ ಯಾರ ಮುಖ ಯಾರಿಗೆ ಕಾಣುತ್ತೆ?” ಎಂದ. ಅಜ್ಜಿಯ ಜೀವದ ಗೆಳತಿ ಪುಟ್ಟತಾಯಿ ಪಕ್ಕದಲ್ಲಿದ್ದಳು. ಅಜ್ಜಿ ಅವಳ ತಮ್ಮನನ್ನು ಎರವಲು ಕೇಳಿದಳು. ಪುಟ್ಟತಾಯಿ ನಗುನಗುತ್ತ ತಮ್ಮನ ಮಣಿಕಟ್ಟಿಗೆ ದಾರ ಕಟ್ಟಿ, “ಒಂದು ಫೋಟೋಗೆ ಮಾತ್ರ ಕಣೇ, ಮುಗಿದ ತಕ್ಷಣ ವಾಪಸ್” ಎಂದಿದ್ದಳು.

“ಆಮೇಲೆ?”

“ಆಮೇಲೇನು? ಫೋಟೋ ಮುಗಿಸಿ ತಿರುಗಿ ನೋಡ್ತೀನಿ, ಉಪವಾಸ ಇರಬೇಕಾದ ಗಂಡು ಬಾಳೆಹಣ್ಣು ತಿಂತಾ ನಿಂತಿದ್ದಾನೆ! ಧಾರೆಗೆ ಮುಂಚೆ! ಹಸಿವು ತಡೆಯೋಕಾಗದೋನು ಇನ್ನೇನು ತಡೀತಾನೆ ಅಂತ ಹಸೆಮಣೆ ಮುಂದೆ ರಂಪ ಮಾಡ್ದೆ. ನಮ್ಮಪ್ಪ ತಲೆ ಮೇಲೆ ಕೈ ಹೊತ್ಕೊಂಡ. ನಿಮ್ಮ ತಾತನ ತಲೇಲಿ ಬಾಸಿಂಗ ಹಾಗೇ ಇತ್ತು. ಈ ಮನುಷ್ಯ ಬಿಚ್ಚೂ ಇರಲಿಲ್ಲ. ಇವರನ್ನೇ ಹಸೆಮಣೆ ಮೇಲೆ ಕೂರಿಸಿ ಅಂದೆ.”

“ಪುಟ್ಟತಾಯಿ ದೊಡ್ಡಜ್ಜಿ ಒಪ್ಪಿದಳಾ?”

“ಅವಳು ಅಡಿಗೆ ಮನೇಲಿ ಪಾಯಸ ಕಲಕ್ತಾ ಇದ್ಲು. ವಾಲಗ ಕೇಳಿ ಓಡಿ ಬರೋ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ತಾಯಿ ಇಲ್ಲದ ತಮ್ಮನ್ನ ಸಾಕಿದೋಳು ಅವಳು. ‘ಇಟ್ಕೋ’ ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.”

“ತೂಕ ಯಾಕೆ ಅಂತ ನಿನಗೆ ಗೊತ್ತಿತ್ತು!”

ಅಜ್ಜಿ ಸೆರಗು ಸರಿಮಾಡಿಕೊಂಡಳು. “ವಾಪಸ್ ಕೊಟ್ರೆ ಹಗುರ ಆಗ್ತಾರೆ. ಹಗುರ ಆದೋರು ಮತ್ತೆ ನನ್ನ ಹತ್ರ ಬರ್ತಾರೆ ಅಂತ ಏನು ಖಾತ್ರಿ? ನಾನು ಕೇಳ್ದೆ ಅಂತ ಬಂದೋರು, ತಾವಾಗಿ ಬಂದೋರಲ್ಲ.” ಅಂಗಳದಲ್ಲಿ ತಾತ ಏಳಲು ಹೋಗಿ, ಮಂಡಿ ಹಿಡಿದುಕೊಂಡು ಮತ್ತೆ ಕೂತ ಸದ್ದು ಕೇಳಿಸಿತು. ಕಟ್ಟೆಯ ಕಲ್ಲು ಲಟಕ್ಕೆಂದಿತು.

“ಚಪ್ಪಡಿ ಸಾಗಿಸೋ ಟ್ರ್ಯಾಕ್ಟರ್ ಕರ್ಕೊಂಡು ಬಾ,” ಎಂದಳು ಅಜ್ಜಿ.

ನಮ್ಮೂರಲ್ಲಿ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅಜ್ಜಿ ತಾತನಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ, ಒಗೆದ ಪಂಚೆ ಉಡಿಸಿ, ಅಂಗಿ ತೊಡಿಸಿ, ಅದರ ಜೇಬಿಗೆ ಎರಡು ಅಚ್ಚು ಬೆಲ್ಲ ಹಾಕಿದಳು. ತಾತ ಎಲ್ಲಿಗೆ ಎಂದು ಕೇಳಲಿಲ್ಲ. ಟ್ರೇಲರ್ ಹತ್ತಲು ಹಲಗೆ ಹಾಕಿದರೆ ಹಲಗೆ ಮುರಿಯಿತು. ಮಣ್ಣಿನ ದಿಬ್ಬದಿಂದ ಹತ್ತಿಸಿದೆವು. ಬೀದಿಯ ಜನ ಬಾಗಿಲಿಗೆ ಬಂದರು. “ಯಾರ ಮನೇದಂತೆ ಹೊನ್ನಾಜಮ್ಮ?” ಎಂದು ಒಬ್ಬರು ಕೂಗಿದರು. ಅಜ್ಜಿ ನೇರ ಮುಂದೆ ನೋಡುತ್ತ ಕೂತಿದ್ದಳು. ಅವಳ ಕೈ ಮಾತ್ರ ತಾತನ ತೋಳನ್ನು ಹಿಡಿದೇ ಇತ್ತು.

ಪುಟ್ಟತಾಯಮ್ಮ ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದಳು. ಟ್ರ್ಯಾಕ್ಟರ್ ನಿಂತಿತು. ಅವಳು ಮೊರ ಕೆಳಗಿಡಲಿಲ್ಲ.

“ನಿನ್ನ ವಸ್ತು ತಂದಿದ್ದೀನಿ ಕಣೇ,” ಎಂದಳು ಅಜ್ಜಿ. “ತಡ ಆಯ್ತು.”

“ಏನು ವಸ್ತು? ನಾನು ಎಷ್ಟೋ ಕೊಟ್ಟಿರ್ತೀನಿ.”

“ನಾಟಕ ಆಡ್ಬೇಡ. ನೋಡಿ ತಗೋ.”

ಪುಟ್ಟತಾಯಮ್ಮ ಎದ್ದು ಬಂದಳು. ಹಂಡೆ ವಾಪಸು ಬಂದರೆ ತಟ್ಟಿ, ತಿರುಗಿಸಿ, ತಳ ನೋಡಿ ತೆಗೆದುಕೊಳ್ಳುವುದು ರೂಢಿ. ಅವಳು ಟ್ರೇಲರ್‌ನ ಸುತ್ತ ಒಂದು ಸುತ್ತು ಬಂದು, ಅದರ ಅಂಚಿನಲ್ಲಿ ಕೂತಿದ್ದ ತಮ್ಮನ ಮುಂದೆ ನಿಂತಳು.

“ಬಾಯಿ ತೆಗೆಯೋ.” ತಾತ ತೆಗೆದ. “ಕೊಟ್ಟಾಗ ಹಲ್ಲೆಲ್ಲ ಇತ್ತಲ್ಲೇ!”

“ಬಳಸಿದ ಮೇಲೆ ಸವೆಯಲ್ವಾ?”

“ತಲೆ ತುಂಬ ಕೂದಲಿತ್ತು.”

“ಅದು ನಿಮ್ಮ ಮನೆ ಕಡೆ ಗುಣ. ನಿಮ್ಮಪ್ಪಂಗೂ ಇರಲಿಲ್ಲ. ನನ್ನ ತಲೆಗೆ ಕಟ್ಬೇಡ.”

“ಮಂಡಿ ಹಾಳು ಮಾಡಿದ್ದೀಯ.”

ಅಜ್ಜಿ ತಾತನ ತೋಳು ಬಿಟ್ಟಳು. ಪುಟ್ಟತಾಯಮ್ಮ ತಮ್ಮನ ಮುಖವನ್ನೇ ನೋಡಿದಳು. ಆಮೇಲೆ ಅವನ ಜೇಬಿಗೆ ಕೈಹಾಕಿ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡು, “ಬಂತು,” ಎಂದಳು. ಎರವಲು ಮುಟ್ಟಿತು ಎನ್ನಲು ನಮ್ಮಲ್ಲಿ ಅಷ್ಟೇ ಹೇಳುವುದು.

ಟ್ರೇಲರ್ ಒಮ್ಮೆಲೇ ಗೇಣುದ್ದ ಮೇಲೆದ್ದಿತು. ತಾತ ತನ್ನ ಕಾಲನ್ನೇ ನೋಡಿಕೊಂಡ. ಒಂದು ಕಾಲೆತ್ತಿದ, ಇನ್ನೊಂದು ಎತ್ತಿದ, ಯಾರ ಆಸರೆಯೂ ಇಲ್ಲದೆ ಟ್ರೇಲರ್‌ನಿಂದ ಇಳಿದು ಬಂದು ಅಕ್ಕನ ಜಗಲಿಯಲ್ಲಿ ನಿಂತ. ಅಜ್ಜಿ ಒಬ್ಬಳೇ ಟ್ರೇಲರ್‌ನಲ್ಲಿ ಉಳಿದಳು. ಅವಳ ಮುಖ ನೋಡಲಾಗದೆ ನಾನು, “ದೊಡ್ಡಜ್ಜಿ, ಇದನ್ನ ನೋಡು,” ಎಂದು ಫೋಟೋ ಮುಂದೆ ಹಿಡಿದೆ.

ಅವಳು ಒಳಗಿನಿಂದ ಭೂತಗನ್ನಡಿ ತರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ, ಹುರುಳಿ ಆರಿಸುವ ಹಾಗೆಯೇ, ಚಿತ್ರ ಆರಿಸಿದಳು. ತನ್ನ ಗಂಟು ನೋಡಿ ಹೂಂಗುಟ್ಟಿದಳು. ಬೋರಲಿಂಗನ ಉಬ್ಬಿದ ಕೆನ್ನೆ ನೋಡಿ ಮೂಗು ಮುರಿದಳು. ಮತ್ತೆ ಗಾಜು ತಾತನ ಎಡಗೈ ಮೇಲೆ ನಿಂತಿತು.

“ಹೊನ್ನಾ, ಇಳಿದು ಬಾ ಇಲ್ಲಿ,” ಎಂದಳು. ಐವತ್ತು ವರ್ಷಗಳಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. “ಇವನ ಎಡಗೈ ನೋಡೇ. ಇದು ನಮ್ಮ ಹಿತ್ತಲ ಪುಟ್ಟಬಾಳೆ. ಚಿಪ್ಪಿನ ತೊಟ್ಟು ನೋಡು, ಒಂದು ಹಣ್ಣು ಆಗತಾನೆ ಕಿತ್ತಿರೋದು. ಬಿಳೀ ಗುರುತು ಕಾಣ್ತಿದೆ.”

ಅಜ್ಜಿ ಗಾಜು ಕಿತ್ತುಕೊಂಡು ನೋಡಿದಳು. ನಾನೂ ನೋಡಿದೆ. ಹೂವೂ ಅಲ್ಲ, ಕೈಚೀಲವೂ ಅಲ್ಲ. ಬಾಳೆಹಣ್ಣಿನ ಚಿಪ್ಪು.

ಮೂವರೂ ತಾತನ ಕಡೆ ತಿರುಗಿದೆವು. ತಾತ ಹುರುಳಿಯಲ್ಲಿ ಕಲ್ಲು ಹುಡುಕತೊಡಗಿದ್ದ.

“ಆ ಬೋರಲಿಂಗಂಗೆ ಹಣ್ಣು ಕೊಟ್ಟೋರು ನೀವಾ?” ಅಜ್ಜಿ ಕೇಳಿದಳು.

“ಪಾಪ, ಹಸಿವು ಅಂದ.”

“ನೀನೇ ಹೋಗಿ ಕೇಳಿದ್ಯೋ, ಅವನೇ ಬಂದು ಅಂದ್ನೋ?” ಅಕ್ಕ ಕೇಳಿದಳು.

“ಹಸಿವಾಗ್ತಿದ್ಯಾ ಅಂತ ನಾನು ಕೇಳ್ದೆ. ಹೌದು ಅಂದ.” ತಾತ ಒಂದು ಕಲ್ಲು ಆರಿಸಿ ದೂರ ಎಸೆದ. “ಕೇಳೋದು ತಪ್ಪಾ ಅಕ್ಕ?”

ಪುಟ್ಟತಾಯಮ್ಮ ಮೊರ ಎತ್ತಿ ಅವನ ಬೆನ್ನಿಗೆ ಬಾರಿಸಿದಳು. ಹುರುಳಿ ಅಂಗಳಕ್ಕೆಲ್ಲ ಚೆಲ್ಲಿತು. “ಕಳ್ಳ! ಇವಳು ನಿನ್ನನ್ನ ಹಾರಿಸ್ಕೊಂಡು ಹೋದ್ಲು ಅಂತ ಇದ್ದೊಬ್ಬ ಗೆಳತೀನ ಇಷ್ಟು ವರ್ಷ ಬಿಟ್ಟು ಕೂತ್ನಲ್ಲೋ! ಹೊನ್ನಾ, ಈ ಕಳ್ಳನ್ನ ನಾನು ಮನೇಲಿಟ್ಕೊಳ್ಳಲ್ಲ. ನೀನೇ ಇಟ್ಕೋ.”

“ನಾನ್ಯಾಕೆ ಇಟ್ಕೊಳ್ಳಲಿ? ನನ್ನ ಮದುವೇನೇ ಕೆಡಿಸಿದ ಮನುಷ್ಯ ಇವರು. ನಿನ್ನ ವಸ್ತು, ನೀನು ನೋಡ್ಕೋ.” ಹೀಗೆಂದ ಅಜ್ಜಿಯ ಕಣ್ಣಲ್ಲಿ ನೀರಿತ್ತು, ತುಟಿ ಮಾತ್ರ ಫೋಟೋದಲ್ಲಿದ್ದ ಹಾಗೆಯೇ ಕಚ್ಚಿಕೊಂಡಿತ್ತು. ಇನ್ನು ತಡೆಯಲಾರದೆ ಇಬ್ಬರೂ ಜಗಲಿಯ ಕಂಬಕ್ಕೆ ಒರಗಿ ನಕ್ಕರು. ಆಮೇಲೆ ಕೂತು ಮಾತಿಗೆ ತೊಡಗಿದರು. ಐವತ್ತು ವರ್ಷದ ಮಾತು. ಸತ್ತವರು, ಹುಟ್ಟಿದವರು, ಯಾರ ಸೊಸೆ ಯಾರ ಮನೆ ಒಡೆದಳು ಎನ್ನುವುದೆಲ್ಲ ಬಂತು. ತಾತನನ್ನು ಯಾರೂ ಕೇಳಲಿಲ್ಲ. ಮಧ್ಯದಲ್ಲಿ ಒಮ್ಮೆ ಅವನ ಅಕ್ಕ, “ಸುಮ್ಮನೆ ನಿಂತಿದ್ದೀಯಲ್ಲ, ಹೋಗಿ ಕಾಫಿ ಕಾಯಿಸು,” ಎಂದಳು.

ತಾತ ಅಡಿಗೆ ಮನೆಗೆ ಹೋದ. ನಾನೂ ಹಿಂದೆ ಹೋದೆ. ಅವನು ಹೆಜ್ಜೆ ಇಡುವಾಗ ನೆಲಕ್ಕೆ ಗೊತ್ತಾಗುತ್ತಿರಲಿಲ್ಲ. ಒಲೆಯ ಮುಂದೆ ನಿಂತು ಜಗಲಿಯ ಕಡೆ ಕಿವಿಗೊಟ್ಟ.

“ಯಾವ ಮನೆಗೆ ಅಂತ ತೀರ್ಮಾನ ಆಯ್ತೇನೋ?”

“ಇಲ್ಲ ತಾತ. ಇಬ್ಬರೂ ಬೇಡ ಅಂತಿದ್ದಾರೆ.”

“ಹಾಗಾದ್ರೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕು,” ಎಂದ.

ಬಿಸಿಲು ಇಳಿದ ಮೇಲೆ ಅಜ್ಜಿ ಎದ್ದಳು. ತಾತನ ಕಡೆ ನೋಡದೆ, ಗೆಳತಿಯ ಹೊಸಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದಳು. “ನಾನಂತೂ ಯಾರನ್ನೂ ಕರ್ಕೊಂಡು ಹೋಗ್ತಿಲ್ಲ,” ಎಂದು ಗಾಳಿಗೆ ಹೇಳಿದಳು. “ಎರವಲೂ ಕೇಳ್ತಿಲ್ಲ, ಇಟ್ಕೊಳ್ತೀನಿ ಅಂತಾನೂ ಹೇಳ್ತಿಲ್ಲ. ಬರೋರು ಅವರ ಕಾಲಲ್ಲಿ ಅವರು ಬರಬೇಕು.”

ಒಳಗಿನಿಂದ ಯಾರೂ ಬರಲಿಲ್ಲ. ಅಜ್ಜಿ ಒಂದು ಗಳಿಗೆ ಕಾದಳು. ಇನ್ನೊಂದು ಗಳಿಗೆ ಕಾದಳು. ಅವಳ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಪುಟ್ಟತಾಯಮ್ಮ ಅವಳ ಬೆನ್ನು ತಟ್ಟಿ, ಬೀದಿಯ ಕಡೆ ಕೈ ತೋರಿಸಿದಳು.

ಹಿತ್ತಲ ಬಾಗಿಲಿನಿಂದ ಹೊರಟಿದ್ದ ತಾತ ಆಗಲೇ ನಮ್ಮ ಮನೆ ಕಡೆಯ ತಿರುವು ಮುಟ್ಟಿ, ಬೇಗ ಬಾರೇ ಎಂಬಂತೆ ಕೈ ಬೀಸುತ್ತ ನಿಂತಿದ್ದ.